ಟ್ಯಾಂಕಿಗೆ ಫ್ಲೋಟ್, ಬಾವಿಗೆ ಸೆನ್ಸರ್: ಎಲ್ಲವನ್ನೂ ಹಾಕಿ ನೋಡಿದ ಮೇಲೆ

ನಾಪೋಕ್ಲು ಕಡೆಯ ನಮ್ಮ ಮನೆಗೆ ನೀರು ಬರೋದು ಎರಡು ದಾರಿಯಲ್ಲಿ. ಮೇಲಿನ ಒರತೆಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರೋದು ಒಂದು, ಗದ್ದೆ ಪಕ್ಕದ ಬಾವಿಯಿಂದ ಒಂದು ಎಚ್‌ಪಿ ಮೋಟಾರ್ ಹತ್ತಿಸೋದು ಇನ್ನೊಂದು. ಹಾಗಾಗಿ ಫ್ಲೋಟ್ ವಾಲ್ವ್, ಫ್ಲೋಟ್ ಸ್ವಿಚ್, ಸೆನ್ಸರ್ ಕಂಟ್ರೋಲರ್, ಆಂಪಿಯರ್ ನೋಡಿ ನಿಲ್ಲಿಸೋ ಪೆಟ್ಟಿಗೆ ಎಲ್ಲವನ್ನೂ ಹಾಕಿ ನೋಡಿದ್ದೇನೆ.

ಫ್ಲೋಟ್ ವಾಲ್ವ್ ಒರತೆ ಲೈನಿಗೆ ಚೆನ್ನಾಗಿದೆ. ಕರೆಂಟ್ ಬೇಡ, ಟ್ಯಾಂಕ್ ತುಂಬಿದಾಗ ಬಾಯಿ ಮುಚ್ಚುತ್ತದೆ, ಅಷ್ಟೇ. ಮಳೆಗಾಲದಲ್ಲಿ ಎಲೆ ಕಸ ಸಿಕ್ಕಿಕೊಳ್ಳದ ಹಾಗೆ ಮೊದಲೇ ಒಂದು ಜಾಲರಿ ಇದ್ದರೆ ಸಾಕು.

ಅದನ್ನೇ ಮೋಟಾರ್ ಲೈನಿಗೆ ಹಾಕೋರು ಸುಮಾರು ಜನ ಇದ್ದಾರೆ. ಹಾಕಬೇಡಿ. ವಾಲ್ವ್ ಮುಚ್ಚಿದರೂ ಮೋಟಾರಿಗೆ ಅದು ಗೊತ್ತಾಗಲ್ಲ, ಓಡ್ತಾನೇ ಇರುತ್ತದೆ. ನಮ್ಮ ಟ್ಯಾಂಕ್ ಬಾವಿಗಿಂತ ಸುಮಾರು 25 ಮೀಟರ್ ಮೇಲಿದೆ, ಪಂಪಿನ ಗರಿಷ್ಠ ಹೆಡ್ 40 ಮೀಟರ್. 10 ಮೀಟರಿಗೆ ಹೆಚ್ಚುಕಡಿಮೆ 1 ಕೆಜಿ ಒತ್ತಡ ಅಂತ ಲೆಕ್ಕ ಹಾಕಿದರೆ, ಮೇಲೆ ಬಾಯಿ ಮುಚ್ಚಿದಾಗ ಪಂಪಿನ ಹತ್ತಿರದ ಪೈಪಿನ ಮೇಲೆ 4 ಕೆಜಿ ಬೀಳುತ್ತದೆ. ತೋಟಕ್ಕೆ ಅಂತ ತಂದ 4 ಕೆಜಿ ಪೈಪ್ ಆದರೆ ಅದು ಪೂರ್ತಿ ಮಿತಿ, ಹಳೇ ಜಾಯಿಂಟ್ ತಡೆಯೋದು ಕಷ್ಟ. ಪಂಪಿನೊಳಗೆ ನಿಂತ ನೀರೂ ಸುತ್ತಿ ಸುತ್ತಿ ಬಿಸಿಯಾಗಿ ಸೀಲ್ ಹಾಳಾಗುತ್ತದೆ.

ಮೋಟಾರನ್ನೇ ನಿಲ್ಲಿಸೋದಕ್ಕೆ ಎರಡು ದಾರಿ ಇವೆ, ವೈರಿನ ತುದಿಗೆ ಕಟ್ಟಿದ ಫ್ಲೋಟ್ ಸ್ವಿಚ್ ಮತ್ತು ನೀರಲ್ಲಿ ಇಳಿಬಿಡೋ ಸೆನ್ಸರ್. ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ವೈರ್ ತುಂಡಾದರೆ ಏನಾಗುತ್ತದೆ? ನಮ್ಮಲ್ಲಿ ಬಾವಿಯಿಂದ ಟ್ಯಾಂಕಿಗೆ ಬರೆ ಹತ್ತಿಸಿ, ಕಾಫಿ ಗಿಡದ ನಡುವೆ ಉದ್ದಕ್ಕೆ ವೈರ್ ಎಳೆಯಬೇಕು. ಜುಲೈ ಗಾಳಿಮಳೆಗೆ ಮರದ ಕೊಂಬೆ ಬೀಳೋದು, ಇಲಿ ಕಡಿಯೋದು ಎಲ್ಲಾ ಇದ್ದದ್ದೇ.

ಟ್ಯಾಂಕಿನ ಸೆನ್ಸರ್ ಕೆಲಸ ಮಾಡೋದು ನೀರು ಮೇಲಿನ ಕಡ್ಡಿಗೆ ತಾಗಿ, ನೀರಿನ ಮೂಲಕ ಸಣ್ಣ ಕರೆಂಟ್ ಹರಿದಾಗ. ವೈರ್ ತುಂಡಾದರೆ ಆ ಕರೆಂಟ್ ಹರಿಯೋದೇ ಇಲ್ಲ, ಪೆಟ್ಟಿಗೆ ಟ್ಯಾಂಕ್ ಇನ್ನೂ ತುಂಬಿಲ್ಲ ಅಂತಲೇ ತಿಳಿಯುತ್ತದೆ, ನೀರು ಹೊರಗೆ ಹರೀತಾನೇ ಇರುತ್ತದೆ. ಫ್ಲೋಟ್ ಸ್ವಿಚ್ಚನ್ನು ಟ್ಯಾಂಕ್ ಖಾಲಿಯಾದಾಗ ಕೂಡುವ ಕಾಂಟ್ಯಾಕ್ಟಿಗೆ ಹಾಕಿದರೆ, ವೈರ್ ತುಂಡಾದ ಕೂಡಲೇ ಮೋಟಾರ್ ನಿಲ್ಲುತ್ತದೆ. ನೀರು ಬರಲ್ಲ, ಆದರೆ ಪೋಲೂ ಆಗಲ್ಲ. ಅದಕ್ಕೇ ಟ್ಯಾಂಕಿಗೆ ನನ್ನ ಆಯ್ಕೆ ಫ್ಲೋಟ್ ಸ್ವಿಚ್. ಮೋಟಾರಿನ ಕರೆಂಟನ್ನು ಅದರ ಮೂಲಕ ಹಾಯಿಸಬಾರದು, 12 ಅಥವಾ 24 ವೋಲ್ಟ್ ರಿಲೇ ಇಟ್ಟು ಅದರಿಂದ ಸ್ಟಾರ್ಟರ್ ನಡೆಸಬೇಕು. ಒದ್ದೆ ಟ್ಯಾಂಕಿನ ಹತ್ತಿರ 230 ವೋಲ್ಟ್ ಒಯ್ಯೋದು ಬೇಡವೇ ಬೇಡ. ಇನ್ನೊಂದು ವಿಷಯ, ಭಾರದ ತುಂಡಿನಿಂದ ಫ್ಲೋಟಿಗೆ ಬಿಡೋ ವೈರ್ ತೀರಾ ಗಿಡ್ಡ ಆದರೆ ಎರಡು ಬಕೆಟ್ ನೀರು ಕಡಿಮೆಯಾದರೂ ಮೋಟಾರ್ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ. ಒಂದಡಿಯಾದರೂ ಬಿಡಿ.

ಬಾವಿಗೆ ಬಂದರೆ ಲೆಕ್ಕ ತಿರುಗುಮುರುಗು. ಅಲ್ಲಿ ಸೆನ್ಸರ್ ವೈರ್ ತುಂಡಾದರೆ ಪೆಟ್ಟಿಗೆ ಬಾವಿ ಬತ್ತಿದೆ ಅಂದುಕೊಂಡು ಮೋಟಾರ್ ನಿಲ್ಲಿಸುತ್ತದೆ. ನಮಗೆ ಬೇಕಾದ್ದೂ ಅದೇ ಅಲ್ವಾ? ಕೆಳಗಿನ ಕಡ್ಡಿ ಫುಟ್‌ವಾಲ್ವ್‌ಗಿಂತ ಒಂದೂವರೆ ಅಡಿ ಮೇಲಿರಲಿ, ಇನ್ನೊಂದನ್ನು ಅದಕ್ಕಿಂತ ಮೂರ್ನಾಲ್ಕು ಅಡಿ ಮೇಲೆ ಕಟ್ಟಿ. ಆಗ ಏಪ್ರಿಲ್‌ನಲ್ಲಿ ಒರತೆ ನಿಧಾನವಾದಾಗಲೂ ಬಾವಿ ಅಷ್ಟು ತುಂಬೋವರೆಗೆ ಮೋಟಾರ್ ಕಾಯುತ್ತದೆ. ಇದಕ್ಕಿರೋ ಶತ್ರು ಕೆಂಪು ಲೋಳೆ. ನಮ್ಮ ನೀರಲ್ಲಿ ಕಬ್ಬಿಣ ಇದೆ, ಕಡ್ಡಿಯ ಮೇಲೆ ತುಕ್ಕಿನ ಬಣ್ಣದ ಲೋಳೆ ಕೂರುತ್ತದೆ. ನೀರು ಇಳಿದ ಮೇಲೂ ಆ ಒದ್ದೆ ಲೋಳೆಯೇ ಕಡ್ಡಿಗಳನ್ನು ಸೇರಿಸಿಬಿಟ್ಟರೆ ಪೆಟ್ಟಿಗೆಗೆ ನೀರು ಇದ್ದ ಹಾಗೇ ಕಾಣುತ್ತದೆ. ಕಾಫಿ ಹೂವಿಗೆ ನೀರು ಹಾಯಿಸೋ ಕಾಲ ಬರೋ ಮುಂಚೆ ಒಂದು ಸಲ ಮೇಲೆತ್ತಿ ಬ್ರಷ್‌ನಲ್ಲಿ ಉಜ್ಜಿ.

ಆಂಪಿಯರ್ ಪೆಟ್ಟಿಗೆಗೆ ಬಾವಿಯೊಳಗೆ ಏನೂ ಇಳಿಸಬೇಕಿಲ್ಲ, ಅದು ಆಸೆ ಹುಟ್ಟಿಸೋ ವಿಷಯ. ನೀರಿಲ್ಲದೆ ಓಡಿದರೆ ಆಂಪಿಯರ್ ಇಳಿಯುತ್ತದೆ ಅನ್ನೋದೇ ಅದರ ಆಧಾರ. ಆದರೆ ಸಿಂಗಲ್ ಫೇಸ್ ಸಣ್ಣ ಮೋಟಾರಿನಲ್ಲಿ ಈ ವ್ಯತ್ಯಾಸ ಜಾಸ್ತಿ ಇರಲ್ಲ. ನಮ್ಮದು ನೀರು ಎತ್ತುವಾಗ ಸುಮಾರು 7, ಒಣ ಓಟದಲ್ಲಿ 5. ರಾತ್ರಿ ವೋಲ್ಟೇಜ್ ಏರಿದಾಗ ಆ 5 ಕೂಡ 6ರ ಹತ್ತಿರ ಹೋಗುತ್ತದೆ. ಮಧ್ಯಕ್ಕೆ ಸೆಟ್ ಮಾಡಿದ ಮಿತಿ ಹಗಲು ಹಿಡಿದದ್ದನ್ನು ರಾತ್ರಿ ಹಿಡಿಯಲ್ಲ. ಕಡ್ಡಿ ಇಳಿಸೋಕೆ ಜಾಗವೇ ಇಲ್ಲದ ಕಿರಿದಾದ ಬೋರ್‌ವೆಲ್ಲಿಗೆ ಅದು ಇರಲಿ, ತೆರೆದ ಬಾವಿಗೆ ಬೇಕಿಲ್ಲ.

ಯಾವುದೇ ಹಾಕಿಸಿದರೂ ಎಲೆಕ್ಟ್ರಿಷಿಯನ್ ಹೊರಡೋ ಮುಂಚೆ ಅವರ ಕೈಯಲ್ಲೇ ಮೂರು ಪರೀಕ್ಷೆ ಮಾಡಿಸಿ. ಮೋಟಾರ್ ಓಡುವಾಗ ಫ್ಲೋಟ್ ಎತ್ತಿ ಹಿಡಿದರೆ ನಿಲ್ಲಬೇಕು. ಫ್ಲೋಟಿನ ವೈರ್ ಒಂದು ಬಿಚ್ಚಿದರೂ ನಿಲ್ಲಬೇಕು. ಬಾವಿಯ ಕಡ್ಡಿಗಳನ್ನು ನೀರಿನಿಂದ ಮೇಲೆ ಎಳೆದರೂ ನಿಲ್ಲಬೇಕು. ಎರಡನೆಯದರಲ್ಲಿ ನಿಲ್ಲದಿದ್ದರೆ ಕಾಂಟ್ಯಾಕ್ಟ್ ಉಲ್ಟಾ ಹಾಕಿದ್ದಾರೆ, ಆಗಲೇ ಬದಲಿಸಿಕೊಡೋಕೆ ಹೇಳಿ.