24 ಜನರನ್ನು ಒಂದೇ ಕಾನ್ಫರೆನ್ಸ್‌ಗೆ ಕಳಿಸುವಾಗ ಟಿಕೆಟ್ ಹೇಗೆ ತಗೋಬೇಕು?

ನಮ್ಮದು ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ. ಯಾರು ಯಾವ ಕಾನ್ಫರೆನ್ಸ್‌ಗೆ ಹೋಗಬೇಕು ಅಂತ ಟೀಮ್ ಲೀಡ್‌ಗಳು ತೀರ್ಮಾನ ಮಾಡುತ್ತಾರೆ, ಅವರಿಗೆಲ್ಲ ರಿಜಿಸ್ಟ್ರೇಷನ್ ಮಾಡಿಸುವ ಕೆಲಸ ನನ್ನದು. ಇಬ್ಬರು ಮೂವರಾದರೆ ಇದು ಐದು ನಿಮಿಷದ ಮಾತು. ಇಪ್ಪತ್ತು ದಾಟಿದರೆ ಮಾತ್ರ ಯಾವ ದಾರಿಯಲ್ಲಿ ಟಿಕೆಟ್ ತಗೊಂಡೆವು ಅನ್ನೋದರ ಮೇಲೆ ಖರ್ಚೂ ತಲೆನೋವೂ ಎರಡೂ ಬದಲಾಗುತ್ತವೆ. ನಾನು ಮಾಡಿ ನೋಡಿದ ದಾರಿಗಳು ಮೂರು: ಪ್ರತಿಯೊಬ್ಬರೂ ತಾವೇ ಟಿಕೆಟ್ ತಗೊಂಡು ಆಮೇಲೆ ಕ್ಲೇಮ್ ಮಾಡುವುದು, ನಾನೇ ಎಲ್ಲರ ಹೆಸರು ತುಂಬಿ ಒಟ್ಟಿಗೆ ಕೊಳ್ಳುವುದು, ಮತ್ತು ಆಯೋಜಕರಿಂದ ಇನ್‌ವಾಯ್ಸ್ ತರಿಸಿ, ದುಡ್ಡು ಕಟ್ಟಿ, ಅವರು ಕೊಡುವ ಕೋಡ್ ಹಂಚುವುದು.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಟಿಕೆಟ್ ಬೆಲೆ ₹8,000. ಅರ್ಲಿ ಬರ್ಡ್ ಇರುವಾಗ ₹6,500. ಹತ್ತು ಜನಕ್ಕಿಂತ ಜಾಸ್ತಿ ಇದ್ದರೆ ಪೂರ್ತಿ ಬೆಲೆಯ ಮೇಲೆ ಶೇ. 15 ಗ್ರೂಪ್ ರಿಯಾಯಿತಿ. ಎಲ್ಲದರ ಮೇಲೂ ಶೇ. 18 ಜಿಎಸ್‌ಟಿ. ಹೋಗುವವರು 24 ಜನ.

ಗ್ರೂಪ್ ರಿಯಾಯಿತಿ ಅಂದ ತಕ್ಷಣ ಅದೇ ಅಗ್ಗ ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಶೇ. 15 ಕಳೆದರೂ ಒಂದು ಟಿಕೆಟ್‌ಗೆ ₹6,800 ಆಗುತ್ತದೆ. ಅಂದರೆ ಅರ್ಲಿ ಬರ್ಡ್‌ಗಿಂತ ₹300 ಜಾಸ್ತಿ. ಎರಡೂ ರಿಯಾಯಿತಿ ಒಟ್ಟಿಗೆ ಸಿಗುವುದು ಅಪರೂಪ. ಹಾಗಾಗಿ ಆಯೋಜಕರಿಗೆ ಬರೆಯುವ ಮೊದಲ ಮೇಲ್‌ನಲ್ಲೇ "ನಿಮ್ಮ ಶೇ. 15 ಯಾವ ಬೆಲೆಯ ಮೇಲೆ?" ಅಂತ ಕೇಳಿಬಿಡಬೇಕು.

ಹಾಗಾದರೆ ಎಲ್ಲರೂ ಅರ್ಲಿ ಬರ್ಡ್‌ನಲ್ಲಿ ತಾವೇ ತಗೊಂಡರೆ ಮುಗೀತಲ್ಲ? ಇದು ಮೊದಲನೇ ದಾರಿ. ಇದರಲ್ಲಿ ಒಳ್ಳೆಯದು ಅಂದರೆ ಹೆಸರು, ಇಮೇಲ್, ಊಟ ವೆಜ್ಜೋ ನಾನ್‌ವೆಜ್ಜೋ, ಟೀ ಶರ್ಟ್ ಸೈಜ್, ಎಲ್ಲ ಸರಿಯಾಗಿರುತ್ತದೆ. ಅವರವರ ವಿವರ ಅವರವರೇ ತುಂಬುತ್ತಾರೆ. ಲಾಗಿನ್ನೂ ಅವರದ್ದೇ, ಕ್ಯೂಆರ್ ಕೋಡ್ ಅವರ ಮೇಲ್‌ಗೇ ಬರುತ್ತದೆ. ಆದರೆ 24 ಜನರಲ್ಲಿ ಕೆಲವರು ಕೊನೇ ದಿನಾಂಕ ಮರೆಯುತ್ತಾರೆ. ಇನ್ನು ಕೆಲವರಿಗೆ ತಿಂಗಳ ಕೊನೆಯಲ್ಲಿ ಸ್ವಂತ ಕಾರ್ಡಿನಿಂದ ಏಳೆಂಟು ಸಾವಿರ ಹಾಕಿ, ಕ್ಲೇಮ್ ದುಡ್ಡು ಬರುವವರೆಗೆ ಕಾಯೋದು ಕಷ್ಟ. ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, "ಈ ಸಲ ಬೇಡ ಸರ್" ಅಂದುಬಿಡುತ್ತಾರೆ. ಈ ದಾರಿಯಲ್ಲಿ ನನಗೆ ಎಲ್ಲಕ್ಕಿಂತ ಬೇಜಾರು ಇದೇ. ದುಡ್ಡಿನ ಕಾರಣಕ್ಕೆ ಯಾರೂ ಕಾನ್ಫರೆನ್ಸ್ ತಪ್ಪಿಸಿಕೊಳ್ಳಬಾರದು.

ಇನ್ನೊಂದು ತೊಂದರೆ ಜಿಎಸ್‌ಟಿಯದ್ದು. ಫಾರ್ಮ್‌ನಲ್ಲಿ ಕಂಪನಿಯ ಜಿಎಸ್‌ಟಿಐಎನ್ ಹಾಕುವ ಜಾಗ ಸಾಮಾನ್ಯವಾಗಿ ಒಂದು ಚಿಕ್ಕ ಚೆಕ್‌ಬಾಕ್ಸ್ ಹಿಂದೆ ಅಡಗಿರುತ್ತದೆ. ಮುಕ್ಕಾಲು ಜನ ಅದನ್ನು ನೋಡುವುದೇ ಇಲ್ಲ. ಬಿಲ್ ಅವರ ಹೆಸರಿಗೆ ಬರುತ್ತದೆ. "ಸರ್, ಇದರಲ್ಲಿ ನಮ್ಮ ಜಿಎಸ್‌ಟಿ ನಂಬರೇ ಇಲ್ವಲ್ಲಾ, ಕ್ರೆಡಿಟ್ ಹೇಗೆ ತಗೊಳ್ಳೋದು?" ಅಂತ ಅಕೌಂಟ್ಸ್ ಮೇಡಂ ಕೇಳುತ್ತಾರೆ. ಅವರ ಮಾತು ಸರಿ. ನಂಬರ್ ಇಲ್ಲದ ಬಿಲ್, ಕಂಪನಿಗೆ ಸಿಗುವ ತೆರಿಗೆ ಕ್ರೆಡಿಟ್‌ಗಳ ತಿಂಗಳ ಪಟ್ಟಿಯಾದ GSTR-2B ಯಲ್ಲಿ ಕಾಣುವುದಿಲ್ಲ. ಅಲ್ಲಿ ಕಾಣದಿದ್ದರೆ ಕಟ್ಟಿದ ತೆರಿಗೆ ವಾಪಸ್ ಲೆಕ್ಕಕ್ಕೆ ಬರುವುದಿಲ್ಲ. 24 ಜನರ ವಿಷಯದಲ್ಲಿ ಅದು ಸುಮಾರು ₹28,000.

ಎರಡನೇ ದಾರಿ, ನಾನೇ ಕೂತು ಒಂದೇ ಆರ್ಡರ್‌ನಲ್ಲಿ ಕೊಳ್ಳುವುದು. ಬಿಲ್ ಒಂದೇ, ಜಿಎಸ್‌ಟಿ ನಂಬರ್ ಸರಿಯಾಗಿರುತ್ತದೆ, ಅರ್ಲಿ ಬರ್ಡ್ ಕೈತಪ್ಪುವುದಿಲ್ಲ. ಕಾಗದದ ಮೇಲೆ ಇದೇ ಬೆಸ್ಟ್. ಮಾಡಲು ಕೂತಾಗ ಕಷ್ಟ ಗೊತ್ತಾಗುತ್ತದೆ. ಎಷ್ಟೋ ಟಿಕೆಟ್ ಸೈಟ್‌ಗಳು ಒಂದು ಆರ್ಡರ್‌ಗೆ ಹತ್ತು ಟಿಕೆಟ್‌ಗಿಂತ ಜಾಸ್ತಿ ಕೊಡುವುದಿಲ್ಲ. ಕಾರ್ಟ್‌ನಲ್ಲಿ ಹಾಕಿದ ಟಿಕೆಟ್‌ಗಳನ್ನು ಹತ್ತು ಹದಿನೈದು ನಿಮಿಷ ಮಾತ್ರ ಹಿಡಿದಿಟ್ಟಿರುತ್ತವೆ, ಅಷ್ಟರಲ್ಲಿ ಎಲ್ಲರ ವಿವರ ಟೈಪ್ ಮಾಡಿ ಮುಗಿಸಲು ಆಗುವುದಿಲ್ಲ. ಎಲ್ಲ ಟಿಕೆಟ್‌ಗೂ ನನ್ನದೇ ಇಮೇಲ್ ಹಾಕಿ ಆಮೇಲೆ ಬದಲಾಯಿಸೋಣ ಅಂದರೆ, ಒಂದು ಇಮೇಲ್‌ಗೆ ಒಂದೇ ಟಿಕೆಟ್ ಅನ್ನುವ ಸೈಟ್‌ಗಳೂ ಇವೆ.

ಎಕ್ಸೆಲ್ ಶೀಟ್ ಅಪ್‌ಲೋಡ್ ಮಾಡುವ ಸೌಲಭ್ಯ ಇದ್ದರೆ ಕೆಲಸ ಸುಲಭ, ಆದರೆ ಎರಡು ಕಡೆ ಹುಷಾರಾಗಿರಬೇಕು. ಮೊದಲನೆಯದು ಫೋನ್ ನಂಬರ್. 91 ಸೇರಿಸಿ ಹನ್ನೆರಡು ಅಂಕಿ ಹಾಕಿದರೆ ಎಕ್ಸೆಲ್ ಅದನ್ನು `9.19845E+11` ಅಂತ ಮಾಡಿಬಿಡುತ್ತದೆ. ಸಿಎಸ್‌ವಿಯಾಗಿ ಸೇವ್ ಮಾಡಿದರೆ ಫೈಲ್‌ಗೂ ಹಾಗೇ ಹೋಗುತ್ತದೆ, ಕೊನೆಯ ಅಂಕಿಗಳು ಮಾಯ. ಆ ಕಾಲಂ ಅನ್ನು ಮೊದಲೇ `Text` ಮಾಡಿಟ್ಟು ಆಮೇಲೆ ನಂಬರ್ ತುಂಬಬೇಕು. ಸೇವ್ ಮಾಡಿದ ಫೈಲ್ ಅನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಸರಿಯಾಗಿದೆಯೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ.

ಎರಡನೆಯದು ನಮ್ಮ ಹೆಸರುಗಳು. ಫಾರ್ಮ್‌ನಲ್ಲಿ ಫಸ್ಟ್ ನೇಮ್, ಲಾಸ್ಟ್ ನೇಮ್ ಎರಡೂ ಕಡ್ಡಾಯ. ನಮ್ಮಲ್ಲಿ ಅರ್ಧ ಜನಕ್ಕೆ ಸರ್‌ನೇಮ್ ಇಲ್ಲ, ಇನಿಷಿಯಲ್ ಮಾತ್ರ. ಎಚ್.ಎಂ. ಮಂಜುನಾಥ ಅನ್ನುವವರನ್ನು ಹೇಗೆ ತುಂಬುವುದು? ಇನಿಷಿಯಲ್ ಅನ್ನು ಮೊದಲ ಕಾಲಂನಲ್ಲಿ ಹಾಕಿದರೆ, ಫಸ್ಟ್ ನೇಮ್ ದಪ್ಪಗೆ ಬರುವ ಬ್ಯಾಡ್ಜ್‌ನಲ್ಲಿ ದೊಡ್ಡದಾಗಿ "ಎಚ್ ಎಂ" ಅಂತಷ್ಟೇ ಇರುತ್ತದೆ, ಮಂಜುನಾಥ ಕೆಳಗೆ ಸಣ್ಣದಾಗಿ. ಎರಡು ದಿನ ಎಲ್ಲರೂ ಅವರ ಎದೆ ಕಡೆ ಬಗ್ಗಿ ನೋಡಿ ಹೆಸರು ಕೇಳಬೇಕು. ಆದ್ದರಿಂದ ಕರೆಯುವ ಹೆಸರು ಮೊದಲ ಕಾಲಂನಲ್ಲಿ, ಇನಿಷಿಯಲ್ ಎರಡನೆಯದರಲ್ಲಿ. ಗೇಟ್‌ನಲ್ಲಿ ಗುರುತಿನ ಚೀಟಿ ನೋಡುವವರು ಈ ಹಿಂದುಮುಂದನ್ನು ಒಪ್ಪುತ್ತಾರೆ. ನಿಕ್‌ನೇಮ್ ಹಾಕಿದರೆ ಮಾತ್ರ ತಕರಾರು ಮಾಡುತ್ತಾರೆ.

ಇಷ್ಟೆಲ್ಲ ಆದ ಮೇಲೂ ಕ್ಯೂಆರ್ ಕೋಡ್ ತಲುಪಿಸುವುದು ಬಾಕಿ. ಒಂದೇ ವಿಳಾಸದಿಂದ ಒಂದೇ ಥರದ 24 ಮೇಲ್ ಒಂದೇ ನಿಮಿಷದಲ್ಲಿ ಬಂದರೆ ಕಂಪನಿಯ ಮೇಲ್ ಫಿಲ್ಟರ್ ಅದನ್ನು ಸ್ಪ್ಯಾಮ್ ಅಂತ ಹಿಡಿದಿಡಬಹುದು. ಇದು ಬೆಳಿಗ್ಗೆ ಗೇಟ್ ಮುಂದೆ ನಿಂತಾಗಲೇ ಗೊತ್ತಾಗುವುದು. ಅಪ್‌ಲೋಡ್ ಮಾಡುವ ಹಿಂದಿನ ದಿನವೇ ಐಟಿಯವರಿಗೆ ಆ ಸೈಟ್‌ನ ಹೆಸರು ಕೊಟ್ಟು, ಅದರ ಮೇಲ್‌ಗಳನ್ನು ತಡೆಯದೆ ಬಿಡಲು ಹೇಳಬೇಕು. ಅಪ್‌ಲೋಡ್ ಆದ ದಿನವೇ "ನಿಮ್ಮ ಟಿಕೆಟ್ ಬಂತಾ?" ಅಂತ ಎಲ್ಲರಿಂದ ಉತ್ತರ ತಗೊಳ್ಳಬೇಕು.

ಮೂರನೇ ದಾರಿಯಲ್ಲಿ ಮೊದಲ ಎರಡರ ಒಳ್ಳೆಯ ಗುಣಗಳೂ ಇವೆ. ಆಯೋಜಕರು ಒಂದು ಇನ್‌ವಾಯ್ಸ್ ಕಳಿಸುತ್ತಾರೆ, ಕಂಪನಿ ಎನ್‌ಇಎಫ್‌ಟಿ ಮಾಡುತ್ತದೆ, ಅವರು 24 ಸಲ ಮಾತ್ರ ನಡೆಯುವ ಒಂದು ಕೋಡ್ ಕೊಡುತ್ತಾರೆ. ಉದ್ಯೋಗಿಗಳು ಆ ಕೋಡ್ ಹಾಕಿ ತಮ್ಮ ವಿವರ ತಾವೇ ತುಂಬುತ್ತಾರೆ, ಬೆಲೆ ಸೊನ್ನೆ ತೋರಿಸುತ್ತದೆ. ಯಾರ ಕೈಯಿಂದಲೂ ದುಡ್ಡು ಹೋಗುವುದಿಲ್ಲ, ಶೀಟ್ ಗೋಜಿಲ್ಲ.

ಇಲ್ಲಿ ತಿನ್ನುವುದು ಸಮಯ. ಹೊಸ ಆಯೋಜಕರಾದರೆ ಮೊದಲು ಅವರನ್ನು ನಮ್ಮ ವೆಂಡರ್ ಪಟ್ಟಿಗೆ ಸೇರಿಸಬೇಕು. ಅವರ ಪ್ಯಾನ್, ಜಿಎಸ್‌ಟಿ ಸರ್ಟಿಫಿಕೇಟ್, ಕ್ಯಾನ್ಸಲ್ ಮಾಡಿದ ಚೆಕ್ ಬೇಕು, ಆಮೇಲೆ ಪಿಓ ಅಂದರೆ ಖರೀದಿ ಆದೇಶ, ಆಮೇಲೆ ಪೇಮೆಂಟ್. ಇದಕ್ಕೆ ಆರಾಮಾಗಿ ಎರಡು ಮೂರು ವಾರ ಹೋಗುತ್ತದೆ, ಅಷ್ಟರಲ್ಲಿ ಅರ್ಲಿ ಬರ್ಡ್ ಮುಗಿದಿರುತ್ತದೆ. "ಪಿಓ ಕಳಿಸಿದ ದಿನದ ಬೆಲೆಯೇ ನಮಗೆ" ಅಂತ ಬರಹದಲ್ಲಿ ಒಪ್ಪಿಸಿಕೊಳ್ಳುವುದು ಇದಕ್ಕಿರುವ ಔಷಧಿ. ಜೊತೆಗೆ ಅವರು ಮೊದಲು ಕಳಿಸುವುದು ಪ್ರೊಫಾರ್ಮಾ, ಅಂದರೆ ದುಡ್ಡು ಕಟ್ಟುವ ಮೊದಲಿನ ಅಂದಾಜು ಬಿಲ್, ಅದರ ಮೇಲೆ ಕ್ರೆಡಿಟ್ ಸಿಗುವುದಿಲ್ಲ. ದುಡ್ಡು ಕಟ್ಟಿದ ಮೇಲೆ ಟ್ಯಾಕ್ಸ್ ಇನ್‌ವಾಯ್ಸ್ ಕೇಳಿ ತಗೋಬೇಕು. ಮುಂದಿನ ತಿಂಗಳ 14ಕ್ಕೆ 2B ಬಂದಾಗ ಅದರಲ್ಲಿ ಇದೆಯಾ ನೋಡಬೇಕು. ಕೋಡ್ ಅನ್ನು ನಮ್ಮ ಕಂಪನಿಯ ಇಮೇಲ್‌ಗೆ ಮಾತ್ರ ನಡೆಯುವ ಹಾಗೆ ಕಟ್ಟಿಸಿಕೊಳ್ಳುವುದೂ ಮುಖ್ಯ. ಇಲ್ಲದಿದ್ದರೆ ಅದು ವಾಟ್ಸಾಪ್‌ನಲ್ಲಿ ಊರೆಲ್ಲ ಸುತ್ತಿ, ನಮ್ಮವರು ಹಾಕುವಷ್ಟರಲ್ಲಿ ಖಾಲಿಯಾಗಿರುತ್ತದೆ.

ಈಗ ಮೊದಲನೆಯದು, ಮೂರನೆಯದು ಇವೆರಡರಲ್ಲಿ ಯಾವುದು ಅಗ್ಗ? ಕಾನ್ಫರೆನ್ಸ್ ಬೆಂಗಳೂರಿನಲ್ಲೇ ಆದರೆ ಉತ್ತರ ಸುಲಭ. ಮೂರನೇ ದಾರಿಯಲ್ಲಿ ಗ್ರೂಪ್ ಬೆಲೆ ₹6,800ರಂತೆ 24 ಟಿಕೆಟ್‌ಗೆ ₹1,63,200, ಅದರ ಮೇಲಿನ ತೆರಿಗೆ ಕ್ರೆಡಿಟ್ ಆಗಿ ಬರುತ್ತದೆ. ಮೊದಲನೇ ದಾರಿಯಲ್ಲಿ ಎಲ್ಲರೂ ಅರ್ಲಿ ಬರ್ಡ್‌ನಲ್ಲೇ ತಗೊಂಡರೂ, ಕ್ರೆಡಿಟ್ ಇಲ್ಲದೆ ₹1,84,080.

ಹೈದರಾಬಾದ್ ಆದರೆ ಲೆಕ್ಕ ತಿರುಗಿಬೀಳುತ್ತದೆ. ಕಾರ್ಯಕ್ರಮಕ್ಕೆ ಪ್ರವೇಶ ಕೊಡುವ ಸೇವೆ ಎಲ್ಲಿ ನಡೆಯಿತೋ ಅಲ್ಲಿಯದ್ದು ಅಂತ ಐಜಿಎಸ್‌ಟಿ ಕಾಯ್ದೆಯ 12(6)ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಆಯೋಜಕರ ನೋಂದಣಿಯೂ ತೆಲಂಗಾಣದ್ದೇ ಆದರೆ ಬಿಲ್‌ನಲ್ಲಿ ಬರುವುದು ಸಿಜಿಎಸ್‌ಟಿ ಮತ್ತು ತೆಲಂಗಾಣದ ಎಸ್‌ಜಿಎಸ್‌ಟಿ. ಕರ್ನಾಟಕದ ಜಿಎಸ್‌ಟಿಐಎನ್ ಮಾತ್ರ ಇರುವ ಕಂಪನಿಗೆ ಆ ಕ್ರೆಡಿಟ್ ಸಿಗುವುದಿಲ್ಲ, ಬಿಲ್ ಎಷ್ಟೇ ಸರಿಯಾಗಿರಲಿ. ಆಗ ಮೂರನೇ ದಾರಿಯ ನಿಜವಾದ ಖರ್ಚು ₹1,92,576. ಮೊದಲನೆಯದಕ್ಕಿಂತ ಸುಮಾರು ₹8,500 ಜಾಸ್ತಿ! ಆದರೆ 24ರಲ್ಲಿ ಆರು ಜನ ಅರ್ಲಿ ಬರ್ಡ್ ತಪ್ಪಿಸಿಕೊಂಡರೆ ಮೊದಲನೆಯದೇ ₹1,94,700 ಆಗುತ್ತದೆ. ಅಂದರೆ ಹೊರ ರಾಜ್ಯದ ಕಾನ್ಫರೆನ್ಸ್‌ನಲ್ಲಿ ಬೆಲೆ ಹೆಚ್ಚುಕಡಿಮೆ ಸಮ. ಅಲ್ಲಿ ನಾನು ಹೊಸ ಹುಡುಗರ ಜೇಬು ನೋಡಿ ಮೂರನೆಯದನ್ನೇ ಆರಿಸುತ್ತೇನೆ. ಕಂಪನಿಗೆ ತೆಲಂಗಾಣದಲ್ಲೂ ಆಫೀಸು, ನೋಂದಣಿ ಇದ್ದರೆ ಅಲ್ಲಿಯ ಜಿಎಸ್‌ಟಿಐಎನ್ ಕೊಟ್ಟು, ಅಲ್ಲಿಯ ಆಫೀಸಿನವರು ಹೋಗುವಾಗ ಆ ಬಿಲ್ ಅಲ್ಲಿಗೇ ಹಾಕಿಸಬೇಕು.

ಐದಾರು ಜನರಾದರೆ ಮೊದಲನೇ ದಾರಿಯೇ ಸಾಕು, ಚೆಕ್‌ಬಾಕ್ಸ್ ಎಲ್ಲಿದೆ ಅಂತ ಒಂದು ಸ್ಕ್ರೀನ್‌ಶಾಟ್ ಕಳಿಸಿದರೆ ಆಯಿತು. ಎರಡನೆಯದನ್ನು ಅರ್ಲಿ ಬರ್ಡ್ ಮುಗಿಯಲು ಎರಡು ದಿನ ಉಳಿದು, ಪಿಓಗೆ ಸಮಯ ಇಲ್ಲದಿದ್ದಾಗ ಮಾತ್ರ ಮಾಡುತ್ತೇನೆ. ಆಗಲೂ ಹೆಸರು ಬದಲಾಯಿಸಲು ಕೊನೇ ದಿನ ಯಾವುದು ಅಂತ ಮೊದಲು ನೋಡುತ್ತೇನೆ. 24 ಜನರಲ್ಲಿ ಒಬ್ಬರಿಬ್ಬರಿಗೆ ಆ ವಾರವೇ ಕ್ಲೈಂಟ್ ಕಾಲ್ ಬಂದೇ ಬರುತ್ತದೆ. ದುಡ್ಡು ವಾಪಸ್ ಕೊಡುವವರು ಕಡಿಮೆ, ಅದೇ ಟಿಕೆಟ್‌ಗೆ ಬೇರೆಯವರ ಹೆಸರು ಹಾಕಲು ಬಿಡುವವರು ಜಾಸ್ತಿ. ಅದಕ್ಕೇ ಪ್ರತಿ ಟೀಮ್‌ನಿಂದ ಒಬ್ಬರ ಹೆಸರು ಬದಲಿಯಾಗಿ ಮೊದಲೇ ಬರೆಸಿಕೊಂಡಿರುತ್ತೇನೆ.