ನೇರ ಗೆರೆ ಸಾಕಾ? R², ಸ್ಕ್ಯಾಟರ್ ಪ್ಲಾಟ್, ರೆಸಿಡ್ಯುಯಲ್ ಪ್ಲಾಟ್: ಮೂರನ್ನೂ ಒಂದೇ ಡೇಟಾ ಮೇಲೆ ನೋಡಿದೆ

ರಿಗ್ರೆಷನ್ ಗೆರೆ ಎಳೆದಾದ ಮೇಲೆ ಅದು ಡೇಟಾಗೆ ಒಪ್ಪುತ್ತದಾ ಅಂತ ನೋಡಲು ಸಾಮಾನ್ಯವಾಗಿ ಮೂರು ದಾರಿಗಳಿವೆ. ಕೆಲವರು R² ನೋಡಿ ಮುಗಿಸುತ್ತಾರೆ. ಕೆಲವರು ಚುಕ್ಕಿಗಳ ಮೇಲೆ ಗೆರೆ ಎಳೆದು ಕಣ್ಣಲ್ಲೇ ಅಳೆಯುತ್ತಾರೆ. ಇನ್ನು ಕೆಲವರು ರೆಸಿಡ್ಯುಯಲ್ ಪ್ಲಾಟ್ ಹಾಕುತ್ತಾರೆ. ಮೂರರಲ್ಲಿ ಯಾವುದು ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ ಅಂತ ನೋಡಲು R ಸಾಫ್ಟ್‌ವೇರ್ ಜೊತೆಗೇ ಬರುವ ಎರಡು ಡೇಟಾ ತೆಗೆದುಕೊಂಡೆ: `women` ಮತ್ತು `cars`. ಯಾರು ಬೇಕಾದರೂ ಅದೇ ಲೆಕ್ಕ ಮಾಡಿ ನೋಡಬಹುದು.

ಮೊದಲು `women`. 30ರಿಂದ 39 ವರ್ಷದ ಅಮೆರಿಕನ್ ಮಹಿಳೆಯರ ಎತ್ತರ ಮತ್ತು ಸರಾಸರಿ ತೂಕ, ಒಟ್ಟು 15 ಸಾಲು. ಎತ್ತರ 58ರಿಂದ 72 ಇಂಚು, ತೂಕ ಪೌಂಡಿನಲ್ಲಿ.

```r
m <- lm(weight ~ height, data = women)
summary(m)$r.squared
plot(fitted(m), resid(m))
abline(h = 0)
```

R² ಬಂದದ್ದು 0.991. ಈ ಸಂಖ್ಯೆ ಮಾತ್ರ ನೋಡಿದವರು ಇಲ್ಲಿಗೇ ನಿಲ್ಲಿಸುತ್ತಾರೆ. ಇದಕ್ಕಿಂತ ಚೆನ್ನಾಗಿ ಇನ್ನೇನು ಬರಬೇಕು, ಅಲ್ವಾ? ಆದರೆ R² ಹೇಳುವುದು ಒಂದೇ ವಿಷಯ: ತೂಕದ ಒಟ್ಟು ಏರಿಳಿತದಲ್ಲಿ ಎಷ್ಟು ಪಾಲು ಗೆರೆಯ ಲೆಕ್ಕಕ್ಕೆ ಸಿಕ್ಕಿತು ಅನ್ನುವುದು. ಸಿಗದೆ ಉಳಿದ ಪಾಲು ಹೇಗೆಂದರೆ ಹಾಗೆ ಚೆದುರಿದೆಯೋ, ಒಂದು ಕ್ರಮದಲ್ಲಿ ಕೂತಿದೆಯೋ ಅನ್ನುವುದು ಅದಕ್ಕೆ ಗೊತ್ತೇ ಆಗುವುದಿಲ್ಲ.

ಸ್ಕ್ಯಾಟರ್ ಪ್ಲಾಟ್ ಸ್ವಲ್ಪ ವಾಸಿ, ಆದರೆ ಸ್ವಲ್ಪವೇ. ತೂಕ 115ರಿಂದ 164 ಪೌಂಡ್‌ವರೆಗೆ ಹೋಗುತ್ತದೆ. ಗೆರೆಯಿಂದ ಚುಕ್ಕಿಗಳು ದೂರ ಇರುವುದು ಒಂದೆರಡು ಪೌಂಡ್, ಹೆಚ್ಚೆಂದರೆ ಮೂರು. ಅಷ್ಟು ಎತ್ತರದ ಚಿತ್ರದಲ್ಲಿ ಈ ಅಂತರ ಚುಕ್ಕಿಯ ದಪ್ಪದೊಳಗೇ ಅಡಗಿಬಿಡುತ್ತದೆ. ಎರಡು ತುದಿಗಳನ್ನು ಹತ್ತಿರದಿಂದ ದಿಟ್ಟಿಸಿದರೆ ಏನೋ ಇದೆ ಅನ್ನಿಸುತ್ತದೆ. ಆದರೆ ಏನೋ ಇದೆ ಅಂತ ಮೊದಲೇ ಗೊತ್ತಿದ್ದವರಿಗೆ ಮಾತ್ರ ಹಾಗೆ ಅನ್ನಿಸುವುದು.

ರೆಸಿಡ್ಯುಯಲ್ ಪ್ಲಾಟ್ ಮಾಡುವುದು ಇಷ್ಟೇ: ಏರುತ್ತಿರುವ ಗೆರೆಯನ್ನು ಮಲಗಿಸಿ, ಉಳಿದ ಅಂತರವನ್ನು ಇಡೀ ಚಿತ್ರದ ಎತ್ತರಕ್ಕೆ ಹಿಗ್ಗಿಸುತ್ತದೆ. ನಿಜವಾದ ತೂಕದಿಂದ ಗೆರೆ ಹೇಳಿದ ತೂಕ ಕಳೆದರೆ ಬರುವುದೇ ರೆಸಿಡ್ಯುಯಲ್. 58 ಇಂಚಿಗೆ ಗೆರೆ 112.6 ಪೌಂಡ್ ಅನ್ನುತ್ತದೆ, ನಿಜವಾಗಿ 115, ಉಳಿದದ್ದು +2.4. 65 ಇಂಚಿನಲ್ಲಿ −1.7. 72 ಇಂಚಿನಲ್ಲಿ +3.1. ಬರೀ ಚಿಹ್ನೆ ನೋಡುತ್ತಾ ಎಡದಿಂದ ಬಲಕ್ಕೆ ಹೋಗಿ: ಮೊದಲ ನಾಲ್ಕು ಪ್ಲಸ್, ಆಮೇಲೆ ಸಾಲಾಗಿ ಎಂಟು ಮೈನಸ್, ಕೊನೆಯ ಮೂರು ಮತ್ತೆ ಪ್ಲಸ್. ನೇರ ಗೆರೆ ಸರಿ ಇದ್ದಿದ್ದರೆ ಪ್ಲಸ್ ಮೈನಸ್ ಬೆರೆತುಕೊಂಡು ಬರಬೇಕಿತ್ತು. ಇಲ್ಲಿ ಕಾಣುವುದು ತೂಗುಹಾಕಿದ ಹಗ್ಗದಂಥ ಆಕಾರ. ಅಂದರೆ ಎತ್ತರ ಜಾಸ್ತಿಯಾದಂತೆ ತೂಕ ಏರುವ ವೇಗವೂ ಜಾಸ್ತಿಯಾಗುತ್ತಿದೆ. ಅದನ್ನು ನೇರ ಗೆರೆ ಹಿಡಿಯಲಾರದು.

ಎತ್ತರದ ವರ್ಗವನ್ನೂ, ಅಂದರೆ height² ಅನ್ನೂ, ಸೇರಿಸಿ ಮತ್ತೆ ಲೆಕ್ಕ ಹಾಕಿದರೆ ರೆಸಿಡ್ಯುಯಲ್ ಎಲ್ಲವೂ 0.6 ಪೌಂಡಿನೊಳಗೆ ಬರುತ್ತವೆ. ತೂಕವನ್ನು ಪೂರ್ತಿ ಪೌಂಡಿಗೆ ಸರಿಪಡಿಸಿ ಬರೆದಿರುವುದರಿಂದಲೇ ಅರ್ಧ ಪೌಂಡ್ ಆಚೀಚೆ ಆಗಬಹುದು. ಹಾಗಾಗಿ ಅದಕ್ಕಿಂತ ಚೆನ್ನಾಗಿ ಕೂರಿಸುವ ಆಸೆ ನನಗಿಲ್ಲ. R² 0.991ರಿಂದ 0.9995ಕ್ಕೆ ಏರುತ್ತದೆ. ಸಂಖ್ಯೆಯಲ್ಲಿ ನೋಡಿದರೆ ಲೆಕ್ಕಕ್ಕೇ ಬರದಷ್ಟು ಸಣ್ಣ ಬದಲಾವಣೆ. ಆದರೆ 75 ಇಂಚಿಗೆ ಅಂದಾಜು ಕೇಳಿದರೆ ನೇರ ಗೆರೆ 171 ಪೌಂಡ್ ಅನ್ನುತ್ತದೆ, ಬಾಗಿದ್ದು 178. ಡೇಟಾ ಮುಗಿದ ಮೇಲೂ ಬಾಗು ಹಾಗೇ ಮುಂದುವರಿಯುತ್ತದೆ ಅನ್ನುವ ಭರವಸೆ ಇಲ್ಲ, ನಿಜ. ಆದರೂ ಎರಡರ ನಡುವೆ ಅಂತರ ಎಲ್ಲಿ ಬೆಳೆಯುತ್ತದೆ ಅನ್ನುವುದು ಗೊತ್ತಾಗುತ್ತದೆ.

ಈ ಡೇಟಾ ಇಷ್ಟು ಚೊಕ್ಕವಾಗಿ ಕಾಣಲು ಇನ್ನೊಂದು ಕಾರಣ, ಇವು ಸರಾಸರಿಗಳು. ಒಬ್ಬೊಬ್ಬರ ತೂಕ ತೆಗೆದುಕೊಂಡಿದ್ದರೆ ಈ ಮೂರು ಪೌಂಡಿನ ಬಾಗು ಗದ್ದಲದಲ್ಲಿ ಮುಳುಗಿಹೋಗುತ್ತಿತ್ತು.

ರೆಸಿಡ್ಯುಯಲ್ ಪ್ಲಾಟಿನ ಅಡ್ಡ ಅಕ್ಷದಲ್ಲಿ ಏನು ಹಾಕಬೇಕು ಅನ್ನುವುದರಲ್ಲೂ ಆಯ್ಕೆ ಇದೆ. ಒಂದೇ x ಇದ್ದಾಗ x ಹಾಕಿದರೂ ಅದೇ ಚಿತ್ರ, ಗೆರೆ ಹೇಳಿದ ಬೆಲೆ ಹಾಕಿದರೂ ಅದೇ ಚಿತ್ರ. ಗೆರೆ ಇಳಿಮುಖ ಇದ್ದರೆ ಎಡಬಲ ಅದಲು ಬದಲಾಗುತ್ತದೆ, ಅಷ್ಟೇ. ಆದರೆ ನಿಜವಾದ y ಬೆಲೆಯನ್ನು ಮಾತ್ರ ಅಲ್ಲಿ ಹಾಕಬೇಡಿ. ಗೆರೆ ಎಷ್ಟೇ ಸರಿ ಇರಲಿ, ರೆಸಿಡ್ಯುಯಲ್‌ಗೂ y ಬೆಲೆಗೂ ನಂಟು ಇದ್ದೇ ಇರುತ್ತದೆ. ಆ ನಂಟಿನ ಅಳತೆ, ಅಂದರೆ ಕೋರಿಲೇಶನ್, ಸರಿಯಾಗಿ √(1−R²) ಇರುತ್ತದೆ. R² 0.65 ಇದ್ದರೆ 0.59! ಮೇಲಕ್ಕೆ ಏರುವ ಚುಕ್ಕಿಗಳನ್ನು ನೋಡಿ ಇಲ್ಲದ ದೋಷ ಹುಡುಕುತ್ತಾ ಕೂರಬೇಕಾಗುತ್ತದೆ.

ಈಗ `cars`. 1920ರ ದಶಕದ ಕಾರುಗಳ ವೇಗ ಮತ್ತು ನಿಲ್ಲಲು ಬೇಕಾದ ದೂರ, 50 ಸಾಲು, ವೇಗ ಗಂಟೆಗೆ ಮೈಲಿಯಲ್ಲಿ, ದೂರ ಅಡಿಯಲ್ಲಿ. R² 0.651. ಮೊದಲನೆಯದರ ಪಕ್ಕದಲ್ಲಿ ಇದು ಬಡಕಲು. ಆದರೆ ರೆಸಿಡ್ಯುಯಲ್ ಪ್ಲಾಟಿನಲ್ಲಿ ಬಾಗು ಇಲ್ಲಿ ಅಷ್ಟು ಖಚಿತವಲ್ಲ. ಚುಕ್ಕಿಗಳ ಒಲವು ತೋರಿಸಲು R ಮೇಲಿಂದ ಎಳೆಯುವ ಕೆಂಪು ಗೆರೆ ಎರಡು ತುದಿಯಲ್ಲೂ ಮೇಲಕ್ಕೆದ್ದಿದೆ, ನಿಜ. ಆದರೆ ತುದಿಯಲ್ಲಿ ಚುಕ್ಕಿಗಳೇ ಕಮ್ಮಿ. 4 ಮೈಲಿ ವೇಗಕ್ಕೆ ಎರಡು, 25ಕ್ಕೆ ಒಂದು. ಒಂದೆರಡು ಚುಕ್ಕಿ ಸೇರಿ ಆ ಗೆರೆಯನ್ನು ಎತ್ತ ಬೇಕಾದರೂ ಎಳೆಯಬಹುದು.

ಇಂಥಲ್ಲಿ ಸುಮ್ನೆ ದಿಟ್ಟಿಸುವುದಕ್ಕಿಂತ ನನಗೆ ಹಿಡಿಸಿದ್ದು ನಕಲಿ ಡೇಟಾ ಮಾಡಿ ನೋಡುವುದು. ನೇರ ಗೆರೆಯೇ ಸತ್ಯ ಅಂದುಕೊಂಡು y ಬೆಲೆಗಳನ್ನು ಹುಟ್ಟಿಸಿ, ಅದಕ್ಕೂ ಅದೇ ಪ್ಲಾಟ್ ಹಾಕುವುದು.

```r
m2 <- lm(dist ~ speed, data = cars)
y <- simulate(m2)[[1]]
plot(lm(y ~ speed, data = cars), which = 1)
```

ಕೊನೆಯ ಎರಡು ಸಾಲನ್ನು ಮತ್ತೆ ಮತ್ತೆ ಓಡಿಸಿದರೆ ಕೆಲವು ಸಲ ನಕಲಿಯಲ್ಲೂ ಕೆಂಪು ಗೆರೆ ಅಷ್ಟೇ ಬಾಗುತ್ತದೆ. ವೇಗದ ವರ್ಗ ಸೇರಿಸಿ ಪರೀಕ್ಷೆ ಮಾಡಿದರೂ ಆ ಪದದ p ಬೆಲೆ ಸುಮಾರು 0.14. ಅಂದರೆ ಈ ಚಿತ್ರವೊಂದನ್ನೇ ನಂಬಿ ಗೆರೆ ತಪ್ಪು ಅನ್ನುವ ಹಾಗಿಲ್ಲ.

ಆದರೆ ನಕಲಿಯಲ್ಲಿ ಬಾರದ ಒಂದು ಸಂಗತಿ ಅಸಲಿಯಲ್ಲಿದೆ. ಎಡಗಡೆ, 10 ಮೈಲಿಗಿಂತ ಕಮ್ಮಿ ವೇಗದಲ್ಲಿ, ಚುಕ್ಕಿಗಳು ಸುಮಾರು −8ರಿಂದ +12 ಅಡಿಯೊಳಗೇ ಇವೆ. ಬಲಗಡೆ −29ರಿಂದ +43ರವರೆಗೆ ಹರಡಿವೆ. ಬಾಗಿಗಿಂತ ಈ ಅಗಲವಾಗುತ್ತಾ ಹೋಗುವ ಆಕಾರವೇ ನನ್ನನ್ನು ಹೆಚ್ಚು ಕಾಡಿತು. ಇದನ್ನು R² ಹೇಳುವುದೇ ಇಲ್ಲ. ಸ್ಕ್ಯಾಟರ್ ಪ್ಲಾಟಿನಲ್ಲಿ ಗಮನ ಏರುವ ಗೆರೆಯ ಮೇಲೇ ಹೋಗುವುದರಿಂದ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಪ್ಲಾಟ್ ಬಿಟ್ಟು ಯೋಚಿಸಬೇಕಾದದ್ದೂ ಇದೆ. ಬ್ರೇಕ್ ಒತ್ತಿದ ಮೇಲಿನ ದೂರ ವೇಗದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತದೆ ಅನ್ನುತ್ತದೆ ಭೌತಶಾಸ್ತ್ರ. ಜೊತೆಗೆ ಈ ನೇರ ಗೆರೆಯ ಪ್ರಕಾರ 4 ಮೈಲಿ ವೇಗದ ಕಾರು −1.8 ಅಡಿಯಲ್ಲಿ ನಿಲ್ಲುತ್ತದೆ. ನಿಲ್ಲುವ ಮೊದಲೇ ಹಿಂದಕ್ಕೆ! ಆದ್ದರಿಂದ ದೂರದ ವರ್ಗಮೂಲ ತೆಗೆದು ಅದಕ್ಕೆ ನೇರ ಗೆರೆ ಹಾಕಿದೆ. ಹರವು ಎಡದಿಂದ ಬಲಕ್ಕೆ ಹೆಚ್ಚು ಸಮನಾಯಿತು. R² 0.709 ಬಂತು, ಆದರೆ ಅದನ್ನು 0.651ರ ಜೊತೆ ಇಟ್ಟು ಹೋಲಿಸುವಂತಿಲ್ಲ, ಏಕೆಂದರೆ y ಬೆಲೆಯೇ ಬದಲಾಗಿದೆ. 4 ಮೈಲಿ ವೇಗಕ್ಕೆ ಈಗ ಬರುವ ಅಂದಾಜು, ವರ್ಗ ಮಾಡಿ ವಾಪಸ್ ಅಡಿಗೆ ತಂದರೆ, ಸುಮಾರು 6.6 ಅಡಿ. ಡೇಟಾದಲ್ಲಿ ಆ ವೇಗದ ಎರಡು ಅಳತೆಗಳು 2 ಮತ್ತು 10.