ಆಫೀಸು ಕೊಟ್ಟ ಫಾರ್ಮ್ 16 ನಂಬಿ ರಿಟರ್ನ್ ಹಾಕಬೇಡಿ

ಬಲ್ಮಠದ ಒಂದು ಖಾಸಗಿ ಆಫೀಸಿನಲ್ಲಿ ನನಗೆ ಕೆಲಸ. 2023-24ರಲ್ಲಿ ಸಂಬಳದಿಂದ ತಿಂಗಳಿಗೆ 4,000 ರೂಪಾಯಿಯಂತೆ ತೆರಿಗೆ, ಅಂದರೆ ಟಿಡಿಎಸ್ ಹಿಡಿದರು. ಹನ್ನೆರಡು ಸ್ಯಾಲರಿ ಸ್ಲಿಪ್‌ಗಳಲ್ಲೂ ಅದು ಇದೆ, ಒಟ್ಟು 48,000. ಹಿಡಿದ ತೆರಿಗೆಗೆ ಆಫೀಸು ಜೂನ್‌ನಲ್ಲಿ ಕೊಟ್ಟ ಸರ್ಟಿಫಿಕೇಟ್, ಫಾರ್ಮ್ 16ರಲ್ಲೂ ಅಷ್ಟೇ ಇತ್ತು. ಆದರೆ ನನ್ನ ಪ್ಯಾನ್‌ಗೆ ಜಮೆಯಾದ ತೆರಿಗೆಯನ್ನು ಆದಾಯ ತೆರಿಗೆ ಇಲಾಖೆ ತೋರಿಸುವ ಫಾರ್ಮ್ 26ಎಎಸ್ ತೆಗೆದು ನೋಡಿದರೆ 36,000 ಮಾತ್ರ. ಜನವರಿಯಿಂದ ಮಾರ್ಚ್‌ವರೆಗಿನದ್ದು ಇಲ್ಲವೇ ಇಲ್ಲ.

ಅಕೌಂಟ್ಸ್‌ನವರನ್ನು ಕೇಳಿದೆ. "ಎಂತ ಆಗುದಿಲ್ಲ ಮಾರಾಯ್ರೆ, ಸಿಸ್ಟಮ್‌ನಲ್ಲಿ ಬರ್ಲಿಕ್ಕೆ ಸ್ವಲ್ಪ ಟೈಮ್ ಬೇಕು" ಅಂದರು. ನಂಬಿದೆ. ಜುಲೈ ಕೊನೆಗೆ 48,000 ತೋರಿಸಿಯೇ ರಿಟರ್ನ್ ಹಾಕಿದೆ. ನವೆಂಬರ್‌ನಲ್ಲಿ ಇಲಾಖೆಯಿಂದ ಮೇಲ್ ಬಂತು: 12,000 ಮತ್ತು ಅದರ ಬಡ್ಡಿ ಕಟ್ಟಿ ಅಂತ. ನನ್ನ ಸಂಬಳದಿಂದ ಆಗಲೇ ಹೋದ ದುಡ್ಡು! ಆ ರಾತ್ರಿ ನಿದ್ದೆ ಬರಲಿಲ್ಲ.

ಕದ್ರಿಯ ಆಡಿಟರ್ ಒಬ್ಬರು ಮೊದಲು ಕೇಳಿದ್ದು, "ಪಾರ್ಟ್ ಎ ಎಲ್ಲಿ?" ಎಂದು. ಫಾರ್ಮ್ 16ರ ಪಾರ್ಟ್ ಎ ಅನ್ನು ಆಫೀಸು ಇಲಾಖೆಯ ಟಿಡಿಎಸ್ ಪೋರ್ಟಲ್ ಆದ ಟ್ರೇಸಸ್‌ನಿಂದಲೇ ಇಳಿಸಿ ಕೊಡಬೇಕು. ಅದರಲ್ಲಿ ಸರ್ಟಿಫಿಕೇಟ್ ನಂಬರ್ ಇರುತ್ತದೆ, ಪ್ರತಿ ಮೂರು ತಿಂಗಳ ಲೆಕ್ಕ ಬೇರೆ ಬೇರೆ ಇರುತ್ತದೆ. ನನಗೆ ಕೊಟ್ಟದ್ದು ಎಕ್ಸೆಲ್‌ನಲ್ಲಿ ಮಾಡಿ ಸೀಲ್ ಹಾಕಿದ ಹಾಳೆ. ಅಲ್ಲಿ ಎಷ್ಟು ಬೇಕಾದರೂ ಬರೆಯಬಹುದು, ಅಲ್ವಾ?

ಈ ಸಲ ಬಾಯಿಮಾತಲ್ಲಿ ಕೇಳಲಿಲ್ಲ, ಮೇಲ್ ಹಾಕಿದೆ. ಮೂರು ತಿಂಗಳ ಸ್ಲಿಪ್, ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್, 26ಎಎಸ್ ಮೂರನ್ನೂ ಲಗತ್ತಿಸಿದೆ. "ನಾಲ್ಕನೇ ಕ್ವಾರ್ಟರ್‌ನ 24ಕ್ಯೂ ಸ್ಟೇಟ್‌ಮೆಂಟ್‌ನಲ್ಲಿ ನನ್ನ ಪ್ಯಾನ್ ಮತ್ತು ಚಲನ್ ವಿವರ ಪರೀಕ್ಷಿಸಿ, ಕರೆಕ್ಷನ್ ಸ್ಟೇಟ್‌ಮೆಂಟ್ ಸಲ್ಲಿಸಿ" ಎಂದು ಬರೆದೆ. 24ಕ್ಯೂ ಅಂದರೆ ಸಂಬಳದ ಟಿಡಿಎಸ್ ಬಗ್ಗೆ ಆಫೀಸು ಮೂರು ತಿಂಗಳಿಗೊಮ್ಮೆ ಇಲಾಖೆಗೆ ಕೊಡುವ ಲೆಕ್ಕ. ಆಫೀಸಿನವರು ಹುಡುಕಿದಾಗ ತಪ್ಪು ಸಿಕ್ಕಿತು. ಜನವರಿಯಲ್ಲಿ ಹೊಸದಾಗಿ ಬಂದವರು ಪ್ಯಾನ್‌ಗಳನ್ನು ಮತ್ತೆ ಟೈಪ್ ಮಾಡಿದ್ದರು. ನನ್ನದರಲ್ಲಿ 5849 ಇರಬೇಕಾದಲ್ಲಿ 5489 ಆಗಿತ್ತು. ದುಡ್ಡು ಸರ್ಕಾರಕ್ಕೆ ಹೋಗಿತ್ತು, ಆದರೆ ಲೆಕ್ಕ ಬೇರೆ ಪ್ಯಾನ್‌ಗೆ ಸೇರಿತ್ತು. ಇದನ್ನು ನಾವು ತಿದ್ದಲಿಕ್ಕೆ ಆಗುವುದಿಲ್ಲ. ಟಿಡಿಎಸ್ ಹಿಡಿದವರೇ ತಿದ್ದಬೇಕು.

ಅಲ್ಲಿಯವರೆಗೆ ಇಲಾಖೆ ಕಳಿಸಿದ ಡಿಮ್ಯಾಂಡ್‌ಗೆ ಉತ್ತರ ಕೊಡದೆ ಸುಮ್ನೆ ಕೂರಬೇಡಿ. ಮುಂದಿನ ವರ್ಷದ ರಿಫಂಡ್‌ನಿಂದ ಅದನ್ನು ಮುರಿದುಕೊಳ್ಳಬಹುದು. ನಾನು ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಡಿಮ್ಯಾಂಡ್ ಒಪ್ಪುವುದಿಲ್ಲ ಎಂದು ಉತ್ತರಿಸಿ, ಸ್ಲಿಪ್‌ಗಳನ್ನು ಹಾಕಿದೆ. ಸಂಬಳದಿಂದ ಹಿಡಿದ ತೆರಿಗೆಯನ್ನು ನೌಕರನಿಂದ ಮತ್ತೆ ಕೇಳುವಂತಿಲ್ಲ ಎಂದು 1961ರ ಆದಾಯ ತೆರಿಗೆ ಕಾಯ್ದೆಯ 205ನೇ ಸೆಕ್ಷನ್ ಹೇಳುತ್ತದೆ. ಅದನ್ನೂ ಬರೆದೆ. ರಿಟರ್ನ್‌ನಲ್ಲಿ 36,000 ಎಂದು ಬದಲಿಸಿ 12,000 ಕಟ್ಟಿಬಿಡು, ತಲೆನೋವು ಮುಗಿಯುತ್ತದೆ ಎಂದ ಗೆಳೆಯರೂ ಇದ್ದರು. ನನಗೆ ಅದು ಸರಿ ಕಾಣಲಿಲ್ಲ.

ಆಫೀಸಿನವರು ತಿದ್ದಿದ್ದು ಫೆಬ್ರವರಿಯಲ್ಲಿ, ಅದೂ ನಾಲ್ಕನೇ ಮೇಲ್‌ನ ನಂತರ. 26ಎಎಸ್‌ನಲ್ಲಿ 48,000 ಕಂಡ ದಿನವೇ ರೆಕ್ಟಿಫಿಕೇಶನ್ ಅರ್ಜಿ ಹಾಕಿ, ರಿಟರ್ನ್ ಮತ್ತೆ ಪ್ರೋಸೆಸ್ ಮಾಡಲು ಕೇಳಿದೆ. ಡಿಮ್ಯಾಂಡ್ ಹೋಯಿತು. ನನ್ನ ಜೊತೆಯ ಇನ್ನಿಬ್ಬರ ಪ್ಯಾನ್‌ ಕೂಡ ಅದೇ ಕ್ವಾರ್ಟರ್‌ನಲ್ಲಿ ತಪ್ಪಾಗಿತ್ತು. ಅವರು ಅಲ್ಲಿಯವರೆಗೆ 26ಎಎಸ್ ತೆರೆದೇ ನೋಡಿರಲಿಲ್ಲ.